ಕೊಕ್ಕೆ ಯಾವ ಕಡೆ ನೋಡಬೇಕು: ಗೌಂಡಿಗಳಿಗಾಗಿ ಒಂದು ಟಿಪ್ಪಣಿಯನ್ನು ಕನ್ನಡಕ್ಕೆ ತಂದ ಅನುಭವ

ಭೂಕಂಪ ತಾಳಿಕೊಳ್ಳುವ ಕಾಂಕ್ರೀಟ್ ಕಟ್ಟಡಗಳಲ್ಲಿ ಕಂಬಿ ಕಟ್ಟುವ ಕ್ರಮವನ್ನು ಕುರಿತು ಎಂಟು ಪುಟಗಳ ಇಂಗ್ಲಿಷ್ ಟಿಪ್ಪಣಿಯೊಂದು ನನ್ನ ಕೈಗೆ ಬಂದಾಗ, ಒಂದು ವಾರದಲ್ಲಿ ಮುಗಿಯುವ ಕೆಲಸವೆಂದು ನಾನು ಭಾವಿಸಿದ್ದೆ. ವಿಜಯಪುರದಲ್ಲಿ ಗೌಂಡಿಗಳಿಗೆ ಮತ್ತು ರಾಡ್ ಕಟ್ಟುವವರಿಗೆ ತರಬೇತಿ ಕೊಡುವ ಸಣ್ಣ ಗುಂಪೊಂದು ಅದನ್ನು ಕನ್ನಡದಲ್ಲಿ ಕೇಳಿತ್ತು. ಟಿಪ್ಪಣಿಯ ಆಧಾರ, ಅಂಥ ಕಟ್ಟಡಗಳಿಗೆಂದೇ ಇರುವ ಭಾರತೀಯ ಮಾನಕ ಐಎಸ್ 13920 ಸಂಹಿತೆಯ 2016ರ ಆವೃತ್ತಿ. ನಾನು ಕಟ್ಟಡ ವಿನ್ಯಾಸದ ಎಂಜಿನಿಯರ್. ಆ ಸಂಹಿತೆಯನ್ನು ಹತ್ತಾರು ಬಾರಿ ಓದಿದ್ದೇನೆ. ಆದರೆ ಓದಿದ್ದನ್ನು ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು.

ಇಲ್ಲಿ ಇಂಥ ಟಿಪ್ಪಣಿ ಬೇಕಾಗಲು ಕಾರಣವಿದೆ. ಊರುಗಳನ್ನು ಭೂಕಂಪದ ಅಪಾಯಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸುವ ಇನ್ನೊಂದು ಮಾನಕ, 2016ರ ಐಎಸ್ 1893ರ ಪಟ್ಟಿಯಲ್ಲಿ ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರುಗಳು ಮೂರನೆಯ ವಲಯದಲ್ಲಿವೆ. ಆ ವಲಯದಿಂದ ಮೇಲಕ್ಕೆ ಐಎಸ್ 13920 ಹೇಳುವ ಕಂಬಿ ಕ್ರಮ ಕಡ್ಡಾಯ. ನಮ್ಮ ಕಡೆಯ ಹಿರಿಯರಿಗೆ ಭೂಕಂಪವೆಂದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಡುಗಿದ ಮಹಾರಾಷ್ಟ್ರದ ಕಿಲ್ಲಾರಿ. ಅಲ್ಲಿ ಜನರ ಮೇಲೆ ಬಿದ್ದದ್ದು ಬಹುಪಾಲು ಕಲ್ಲುಮಣ್ಣಿನ ದಪ್ಪ ಗೋಡೆಗಳು. ಹಾಗಾಗಿ ಪಿಲ್ಲರ್ ಹಾಕಿ ಕಟ್ಟಿದ ಮನೆಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಕುಳಿತಿದೆ. ಆ ನಂಬಿಕೆಯನ್ನು ಅಲುಗಿಸಿದ್ದು 2001ರ ಜನವರಿ 26ರ ಭುಜ್ ಭೂಕಂಪ. ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಪಿಲ್ಲರುಗಳ ಮೇಲೆ ನಿಂತಿದ್ದ ಬಹುಮಹಡಿ ಕಟ್ಟಡಗಳೇ ಕುಸಿದವು.

ಮೊದಲ ಕರಡನ್ನು ನಾನು ಪಠ್ಯಪುಸ್ತಕದ ಕನ್ನಡದಲ್ಲಿ ಬರೆದೆ. ಟಿಪ್ಪಣಿಯಲ್ಲಿ ಅತಿ ಹೆಚ್ಚು ಬಾರಿ ಬರುವ ಪದ ‘ಡಕ್ಟಿಲಿಟಿ’. ಅದಕ್ಕೆ ಶಾಲೆಯ ವಿಜ್ಞಾನದಲ್ಲಿ ಕಲಿತ ‘ತನ್ಯತೆ’ ಎಂಬ ಪದವನ್ನು ಎಲ್ಲ ಕಡೆ ಹಾಕಿದೆ. ತಪ್ಪಿಲ್ಲದ ಪದ, ಆದರೆ ಕೆಲಸಕ್ಕೆ ಬಾರದ ಪದ. ಲೋಹವನ್ನು ತಂತಿಯಾಗಿ ಎಳೆಯಬಲ್ಲ ಗುಣವೇ ತನ್ಯತೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಪಿಲ್ಲರನ್ನು ಯಾರೂ ತಂತಿಯಾಗಿ ಎಳೆಯುವುದಿಲ್ಲ. ಕಟ್ಟಡದ ವಿಷಯದಲ್ಲಿ ನಾವು ಹೇಳಬೇಕಾದ್ದು ಬೇರೆ: ತಡೆಯುವ ಮಿತಿ ದಾಟಿದ ಮೇಲೂ, ಬಗ್ಗಿ ರೂಪ ಕೆಟ್ಟ ಮೇಲೂ, ಹಿಂದಕ್ಕೂ ಮುಂದಕ್ಕೂ ಹಲವು ಬಾರಿ ತಿರುಚಿಸಿಕೊಂಡ ಮೇಲೂ, ಹೊತ್ತ ಭಾರವನ್ನು ಕೆಳಗೆ ಬಿಡದಿರುವ ಗುಣ.

‘ಬಳುಕುವ ಗುಣ’ ಎಂದು ಬದಲಿಸಿ ನೋಡಿದೆ. ಕಿವಿಗೆ ಹಿತವಾಗಿದ್ದರೂ ಅದು ಇನ್ನೂ ದೊಡ್ಡ ತಪ್ಪೆಂದು ತಿಳಿದದ್ದು ಒಂದು ಸೈಟಿನಲ್ಲಿ. ಅಲ್ಲಿನ ಹಿರಿಯ ಗೌಂಡಿಯನ್ನು ನಾವೆಲ್ಲ ಕಾಕಾ ಎಂದು ಕರೆಯುತ್ತೇವೆ. ನಾನು ಓದಿದ ಸಾಲನ್ನು ಕೇಳಿ ಅವರು ಪಕ್ಕದಲ್ಲಿ ಬಿದ್ದಿದ್ದ ಆಕ್ಸಾ ಬ್ಲೇಡನ್ನು ಎತ್ತಿ, “ಬಳಕೂದು ಅಂದ್ರ ಹಿಂಗೇನ್ರಿ ಸರ?” ಎಂದು ಬಗ್ಗಿಸಿ ತೋರಿಸಿದರು. ಬ್ಲೇಡು ಚೆನ್ನಾಗಿಯೇ ಬಳುಕಿತು, ಬಿಟ್ಟೊಡನೆ ನೆಟ್ಟಗಾಯಿತು. ಅದನ್ನು ಗೋಣಿ ತಟ್ಟಿನಲ್ಲಿ ಸುತ್ತಿ ಇನ್ನಷ್ಟು ಬಗ್ಗಿಸಲು ಹೇಳಿದೆ. ತಟ್ಟನೆ ಎರಡು ತುಂಡಾಯಿತು. ಆಮೇಲೆ ಕಟ್ಟುವ ತಂತಿಯ ಒಂದು ಗೇಣುದ್ದದ ತುಂಡನ್ನು ಅವರ ಕೈಗೆ ಕೊಟ್ಟೆ. ಅದು ಬಗ್ಗಿದಲ್ಲಿ ಬಗ್ಗಿಯೇ ಉಳಿಯಿತು. ತಿರುಗಿಸಿ ಬಗ್ಗಿಸಿದರೂ ಮುರಿಯಲಿಲ್ಲ. ಹತ್ತಾರು ಸಲ ಆಡಿಸಿದ ಮೇಲಷ್ಟೇ ಬಿಟ್ಟಿತು. ಬ್ಲೇಡಿನ ಉಕ್ಕು ತಂತಿಗಿಂತ ಎಷ್ಟೋ ಪಾಲು ಗಟ್ಟಿ. ಆದರೆ ಭೂಕಂಪದಲ್ಲಿ ನಮಗೆ ಬೇಕಾದ್ದು ತಂತಿಯ ನಡತೆ. ಅಂದಿನಿಂದ ಟಿಪ್ಪಣಿಯಲ್ಲಿ ಆ ಪದಕ್ಕೆ ‘ಬಗ್ಗಿದರೂ ಭಾರ ಬಿಡದ ಗುಣ’ ಎಂದೇ ಬರೆದೆ. ಉದ್ದವಾಯಿತು ನಿಜ, ಆದರೆ ಅದನ್ನು ಓದಿ ಯಾರೂ ಬ್ಲೇಡನ್ನು ನೆನೆಯುವುದಿಲ್ಲ.

ಇದೇ ಮಾತು ಕಂಬಿ ಕೊಳ್ಳುವಾಗಲೂ ಬರುತ್ತದೆ. ಎಫ್ಇ 500 ಎಂಬ ಕಂಬಿಯೂ ಎಫ್ಇ 500ಡಿ ಎಂಬ ಕಂಬಿಯೂ ಗಟ್ಟಿತನದಲ್ಲಿ ಒಂದೇ ದರ್ಜೆಯವು. ತುಂಡಾಗುವ ಮೊದಲು ಹಿಗ್ಗಬೇಕಾದ ಕನಿಷ್ಠ ಪ್ರಮಾಣ ಮಾತ್ರ ಮೊದಲನೆಯದಕ್ಕೆ ನೂರಕ್ಕೆ 12, ಎರಡನೆಯದಕ್ಕೆ ನೂರಕ್ಕೆ 16. ಐಎಸ್ 13920 ನೂರಕ್ಕೆ 14.5ಕ್ಕಿಂತ ಹೆಚ್ಚು ಹಿಗ್ಗುವ ಕಂಬಿಯನ್ನು ಕೇಳುತ್ತದೆ. ಇಂಗ್ಲಿಷ್ ಟಿಪ್ಪಣಿಯಲ್ಲಿ ಇದಕ್ಕೆ ಅರ್ಧ ಪುಟದ ಕೋಷ್ಟಕವಿತ್ತು. ಕನ್ನಡದಲ್ಲಿ ‘ಕಂಬಿಯ ಮೈಮೇಲೆ 500ರ ಪಕ್ಕ ಡಿ ಅಕ್ಷರ ಇದೆಯೇ ನೋಡಿ, ಇಲ್ಲದಿದ್ದರೆ ಎಂಜಿನಿಯರನ್ನು ಕೇಳಿ’ ಎಂದು ಒಂದೇ ಸಾಲು ಬರೆದೆ.

ಎರಡನೆಯ ತೊಡಕು ಒಂದು ಗುಡಿಸಿನದು. ಕರಡಿನಲ್ಲಿ ನಾನು ‘ಕಂಬ’ ಮತ್ತು ‘ಕಂಬಿ’ ಎಂಬ ಎರಡೂ ಪದಗಳನ್ನು ಬಳಸಿದ್ದೆ. ಸೈಟಿನಲ್ಲಿ ಒಬ್ಬ ಓದುತ್ತಾನೆ, ನಾಲ್ವರು ಕೆಲಸ ಮಾಡುತ್ತ ಕೇಳುತ್ತಾರೆ. ಕಾಂಕ್ರೀಟ್ ಮಿಕ್ಸರಿನ ಸದ್ದಿನಲ್ಲಿ ‘ಕಂಬಗಳ ನಡುವಿನ ಅಂತರ’ವೂ ‘ಕಂಬಿಗಳ ನಡುವಿನ ಅಂತರ’ವೂ ಒಂದೇ ಆಗಿ ಕೇಳಿಸಿತು. ಆಮೇಲೆ ‘ಕಂಬ’ವನ್ನು ಪೂರ್ತಿ ತೆಗೆದು ‘ಪಿಲ್ಲರ್’ ಎಂದೆ. ‘ಬಲವರ್ಧಕ ಉಂಗುರ’ ಹೋಗಿ ‘ರಿಂಗ್’ ಬಂತು, ‘ತೊಲೆ’ ಹೋಗಿ ‘ಬೀಮ್’ ಬಂತು. ಕನ್ನಡ ಪದವಿದ್ದೂ ಬಳಸಲಿಲ್ಲವೆಂದು ಸ್ನೇಹಿತರೊಬ್ಬರು ಬೇಸರಪಟ್ಟರು. ಕೆಲಸ ಮಾಡುವವರ ಬಾಯಲ್ಲಿ ಇರುವ ಪದವೇ ಅವರ ಕನ್ನಡ ಎಂದು ನಾನು ತಿಳಿದಿದ್ದೇನೆ.

ಇಡೀ ಕೆಲಸದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಕೊಕ್ಕೆಯ ವಿಷಯ. ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತುವ ರಿಂಗಿನ ಎರಡೂ ತುದಿಗಳನ್ನು 135 ಡಿಗ್ರಿ ಬಗ್ಗಿಸಿ ಒಳಗಿನ ಕಾಂಕ್ರೀಟಿಗೆ ನಾಟುವಂತೆ ಬಿಡಬೇಕು, ಬಗ್ಗಿದ ಜಾಗದಿಂದಾಚೆಗೆ ತುದಿ ಕಂಬಿಯ ದಪ್ಪದ ಆರು ಪಟ್ಟು, ಕಡಿಮೆಯೆಂದರೂ 65 ಮಿಲಿಮೀಟರ್ ಉಳಿಯಬೇಕು ಎಂಬುದು ನಿಯಮ. ನಾನು ‘135 ಡಿಗ್ರಿ ಕೋನದ ಕೊಕ್ಕೆ’ ಎಂದು ಬರೆದಿದ್ದೆ. ಮರುದಿನ ಸೈಟಿಗೆ ಹೋದಾಗ, ರಾಡ್ ಕಟ್ಟುವವನೊಬ್ಬ ನಲವತ್ತು ರಿಂಗುಗಳನ್ನು ಬಗ್ಗಿಸಿ ಗೋಡೆಗೆ ಒರಗಿಸಿಟ್ಟಿದ್ದ. ಎಲ್ಲದರ ತುದಿಗಳೂ ಬಾಯಿ ತೆರೆದು ಹೊರಗೆ ಚಾಚಿದ್ದವು. ಇದೇನೆಂದು ಕೇಳಿದಾಗ ಆತ ಮಗಳ ಕಂಪಾಸ್ ಪೆಟ್ಟಿಗೆಯಿಂದ ತಂದಿದ್ದ ಕೋನಮಾಪಕವನ್ನು ರಿಂಗಿನ ಮೂಲೆಗೆ ಇಟ್ಟು, “ನೀವು ಬರದಂಗ ಮಾಡೀನ್ರಿ ಸರ. ಒಳಗ ಅಳದ ನೋಡ್ರಿ, ನೂರಾ ಮೂವತ್ತೈದ ಐತಿ” ಎಂದ.

ಅವನ ಅಳತೆ ಸರಿಯಾಗಿತ್ತು. ತಪ್ಪು ನನ್ನ ವಾಕ್ಯದ್ದು. ಸಂಹಿತೆ ಹೇಳುವ 135 ಡಿಗ್ರಿ, ನೆಟ್ಟಗಿದ್ದ ಕಂಬಿಯನ್ನು ಎಷ್ಟು ತಿರುಗಿಸಬೇಕು ಎಂಬುದರ ಲೆಕ್ಕ. ಅಷ್ಟು ತಿರುಗಿಸಿದಾಗ ತುದಿಗೂ ರಿಂಗಿನ ಬದಿಗೂ ನಡುವೆ ಉಳಿಯುವ ಕೋನ 45 ಡಿಗ್ರಿ. ನಾನು ಬರೆದ ‘135 ಡಿಗ್ರಿ ಕೋನ’ ಎಂಬ ಮಾತನ್ನು ಅಕ್ಷರಶಃ ಹಿಡಿದರೆ ಕಂಬಿ ತಿರುಗುವುದು ಬರೀ 45 ಡಿಗ್ರಿ. ಅದು ಈಗ ನಮ್ಮಲ್ಲಿ ರೂಢಿಯಲ್ಲಿರುವ 90 ಡಿಗ್ರಿಯ ಮೂಲೆಮಟ್ಟದ ಬಗ್ಗಿಗಿಂತಲೂ ಕೆಟ್ಟದ್ದು. ಡಿಗ್ರಿಯ ಮಾತನ್ನು ಆ ಪುಟದಿಂದಲೇ ತೆಗೆದುಹಾಕಿ ಹೀಗೆ ಬರೆದೆ: ‘ತುದಿಯನ್ನು ಮೊದಲು ಮೂಲೆಮಟ್ಟಕ್ಕೆ ಬಗ್ಗಿಸಿ. ಅಲ್ಲಿಗೆ ನಿಲ್ಲಿಸಬೇಡಿ. ಅದರ ಅರ್ಧದಷ್ಟು ಇನ್ನೂ ಒಳಕ್ಕೆ ಬಗ್ಗಿಸಿ. ಎರಡೂ ತುದಿಗಳು ಎದುರಿನ ಮೂಲೆಯ ಕಂಬಿಯನ್ನು ನೋಡಬೇಕು.’ ಕೊನೆಯ ವಾಕ್ಯ ಇಂಗ್ಲಿಷ್ ಟಿಪ್ಪಣಿಯಲ್ಲಿ ಇರಲೇ ಇಲ್ಲ. ಆದರೆ ಸರಿ ತಪ್ಪನ್ನು ಕಣ್ಣಳತೆಯಲ್ಲೇ ಹೇಳುವುದು ಆ ವಾಕ್ಯ ಮಾತ್ರ.

ಕೊಕ್ಕೆ ಒಳಗೇ ಏಕೆ ನೋಡಬೇಕು ಎಂಬುದನ್ನು ಬರೆಯದೆ ಬಿಟ್ಟರೆ ಯಾರೂ ಆ ಶ್ರಮ ಪಡುವುದಿಲ್ಲವೆಂದು ನನಗೆ ಗೊತ್ತಿತ್ತು, ಏಕೆಂದರೆ ಎರಡನೆಯ ಬಗ್ಗಿಗೆ ಕಂಬಿ ಬಗ್ಗಿಸುವ ಚಾವಿಯನ್ನು ಇನ್ನೊಮ್ಮೆ ಹಿಡಿಯಬೇಕು, ತೋಳಿಗೆ ಹೆಚ್ಚು ಕೆಲಸ. ಪಿಲ್ಲರ್ ಜೋರಾಗಿ ಅತ್ತಿತ್ತ ಅಲುಗಿದಾಗ ರಿಂಗಿನ ಹೊರಗಿರುವ ಒಂದೂವರೆ ಇಂಚಿನ ಕವರ್ ಕಾಂಕ್ರೀಟ್ ಮೊದಲು ಉದುರಿಹೋಗುತ್ತದೆ. 90 ಡಿಗ್ರಿಗೆ ನಿಲ್ಲಿಸಿದ ತುದಿ ಇರುವುದು ಆ ಕವರಿನ ಅಂಚಿನಲ್ಲೇ. ಕವರ್ ಹೋದೊಡನೆ ಅದನ್ನು ಹಿಡಿಯುವುದು ಏನೂ ಇಲ್ಲ. ರಿಂಗು ಬಾಯಿ ಬಿಡುತ್ತದೆ, ಉದ್ದ ಕಂಬಿಗಳು ಹೊರಗೆ ಬಾಗುತ್ತವೆ, ಒಳಗಿನ ಕಾಂಕ್ರೀಟ್ ಪುಡಿಯಾಗಿ ಚೆಲ್ಲುತ್ತದೆ. ಇದನ್ನು ನಾನು ವಿವರಿಸುತ್ತಿದ್ದಾಗ ಕಾಕಾ ನಡುವೆ ಮಾತು ತೆಗೆದು, “ಜ್ವಾಳದ ಚೀಲ ಇದ್ದಂಗ ಅನ್ರಿ” ಎಂದರು. ಸುರಿದ ಜೋಳ ರಾಶಿಯಾಗಿ ಹರಡುತ್ತದೆ. ಅದನ್ನೇ ಬಿಗಿಯಾಗಿ ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಚೀಲದ ಮೇಲೆ ಚೀಲ ಒಟ್ಟಬಹುದು. ರಿಂಗು ಚೀಲವಾದರೆ ಕೊಕ್ಕೆ ಸುತಳಿಯ ಕೊನೆಯ ಗಂಟು. ಟಿಪ್ಪಣಿಗೆ ಆ ಹೋಲಿಕೆಯನ್ನು ಹಾಗೆಯೇ ಸೇರಿಸಿದೆ. ಕಾಂಕ್ರೀಟಿಗೆ ತನ್ನಷ್ಟಕ್ಕೆ ಬಗ್ಗುವ ಗುಣವಿಲ್ಲ, ಅದನ್ನು ಒತ್ತಿ ಹಿಡಿದಾಗ ಮಾತ್ರ ಅದು ಪುಡಿಯಾಗದೆ ತಾಳುತ್ತದೆ ಎಂಬ ಇಡೀ ಪುಟದ ಮಾತು ಅದರಲ್ಲಿ ಮುಗಿದಿತ್ತು.

ಮುಂದಿನ ಪ್ರಶ್ನೆ, ರಿಂಗಿಗೆ ಎಷ್ಟುದ್ದದ ತುಂಡು ಕತ್ತರಿಸಬೇಕು ಎಂಬುದು. ಸೈಟಿನಲ್ಲಿ ಎಲ್ಲವೂ ಇಂಚಿನಲ್ಲಿ ನಡೆಯುತ್ತದೆ. ಟಿಪ್ಪಣಿಯಲ್ಲಿ ಎಲ್ಲವೂ ಮಿಲಿಮೀಟರಿನಲ್ಲಿದೆ. ಹತ್ತಿರದ ಅಂಕಿಗೆ ಸರಿಹೊಂದಿಸಿದರೆ ಸಾಕೆಂದು ಮೊದಲು 65 ಮಿಲಿಮೀಟರನ್ನು ಎರಡೂವರೆ ಇಂಚು ಎಂದು ಬರೆದಿದ್ದೆ. ಎರಡೂವರೆ ಇಂಚು ಎಂದರೆ 63.5; ಕನಿಷ್ಠಕ್ಕಿಂತ ಕಡಿಮೆ. ಹಾಗೆಯೇ ರಿಂಗುಗಳ ನಡುವೆ 75 ಮಿಲಿಮೀಟರ್ ಮೀರಬಾರದು ಎಂಬಲ್ಲಿ ಮೂರು ಇಂಚು ಎಂದಿದ್ದೆ, ಅದು 76.2, ಮಿತಿಗಿಂತ ಹೆಚ್ಚು. ಒಂದೊಂದು ಮಿಲಿಮೀಟರಿಗೆ ಕಟ್ಟಡ ಬೀಳುವುದಿಲ್ಲ. ಆದರೆ ಬರೆದ ಅಳತೆಯೇ ಮಿತಿಯಾಚೆ ಇದ್ದರೆ, ಕೈಯಲ್ಲಿ ಆಗುವ ಹೆಚ್ಚುಕಡಿಮೆಯೆಲ್ಲ ಅದರ ಮೇಲೆ ಕೂಡುತ್ತ ಹೋಗುತ್ತದೆ. ಆದ್ದರಿಂದ ‘ಕಡಿಮೆಯಾಗಬಾರದು’ ಎಂಬ ಅಳತೆಗಳನ್ನೆಲ್ಲ ಮೇಲಕ್ಕೆ, ‘ಮೀರಬಾರದು’ ಎಂಬ ಅಳತೆಗಳನ್ನೆಲ್ಲ ಕೆಳಕ್ಕೆ ತಿರುಗಿಸಿ ಇಂಚಿಗೆ ತಂದೆ. ಸಂಹಿತೆಯ ಇಂಗ್ಲಿಷಿನಲ್ಲಿ ಈ ಎರಡು ಮಾತುಗಳು ಒಂದರ ಬೆನ್ನಿಗೊಂದು ನಕಾರದಲ್ಲೇ ಬರುತ್ತವೆ. ಅವನ್ನು ಬಿಡಿಸಿ ‘ಕನಿಷ್ಠ ಇಷ್ಟು’, ‘ಹೆಚ್ಚೆಂದರೆ ಇಷ್ಟು’ ಎಂದು ಬರೆಯುವಾಗ ಎರಡು ಕಡೆ ನಾನೇ ತಿರುವುಮುರುವು ಮಾಡಿದ್ದೆ.

ಮಾದರಿಗೆ ಒಂದು ಪಿಲ್ಲರನ್ನು ಪೂರ್ತಿ ಲೆಕ್ಕ ಹಾಕಿ ಕೊಟ್ಟೆ. 12 ಇಂಚು ಚೌಕದ ಪಿಲ್ಲರ್, ಅಂದರೆ 300 ಮಿಲಿಮೀಟರ್. ನಾಲ್ಕು ಮೂಲೆಗೆ 16 ಎಂಎಂ ಕಂಬಿ. 8 ಎಂಎಂ ರಿಂಗು. ಕವರ್ 40 ಮಿಲಿಮೀಟರ್. ನೆಲದಿಂದ ಬೀಮಿನ ಕೆಳಗಿನವರೆಗೆ ಒಂಬತ್ತು ಅಡಿ, ಅಂದಾಜು 2700 ಮಿಲಿಮೀಟರ್. ತುದಿ ಎರಡೂ ಮುಕ್ಕಾಲು ಇಂಚು, ಅಂದರೆ 70 ಮಿಲಿಮೀಟರ್ ಇಟ್ಟುಕೊಂಡರೆ, ಬದಿಗಳು, ಬಗ್ಗುಗಳು, ಕೊಕ್ಕೆಗಳು ಎಲ್ಲ ಸೇರಿ ಒಂದು ರಿಂಗಿಗೆ 1016 ಮಿಲಿಮೀಟರ್ ಬೇಕು. ಅದು ಸರಿಯಾಗಿ 40 ಇಂಚು. ಈಗ ರೂಢಿಯಲ್ಲಿರುವಂತೆ ಮೂಲೆಮಟ್ಟಕ್ಕೆ ಬಗ್ಗಿಸಿ ಒಂದೂವರೆ ಇಂಚು ತುದಿ ಬಿಟ್ಟರೆ 36 ಇಂಚಿನ ತುಂಡು ಸಾಕಾಗುತ್ತದೆ. ಹಾಗಾಗಿ ಗುಡ್ಡೆ ಹಾಕಿದ ತುಂಡುಗಳಲ್ಲಿ ಒಂದನ್ನು ಅಳೆದರೆ ಸಾಕು, ರಿಂಗು ಬಗ್ಗಿಸುವ ಮೊದಲೇ ಕೊಕ್ಕೆ ಸರಿಯಾಗುತ್ತದೋ ಇಲ್ಲವೋ ತಿಳಿಯುತ್ತದೆ. 36 ಇಂಚಿನ ತುಂಡಿನಲ್ಲಿ ಯಾರೂ ಸರಿಯಾದ ಕೊಕ್ಕೆ ಮಾಡಲಾರರು.

ರಿಂಗುಗಳ ಅಂತರ ಪಿಲ್ಲರಿನ ಎತ್ತರದುದ್ದಕ್ಕೂ ಒಂದೇ ಅಲ್ಲ. ಮೇಲೆ ಬೀಮಿನ ಹತ್ತಿರ ಮತ್ತು ಕೆಳಗೆ ನೆಲದ ಹತ್ತಿರ ಪಿಲ್ಲರ್ ಹೆಚ್ಚು ಬಗ್ಗುತ್ತದೆ. ಆ ಎರಡು ತುದಿಗಳಲ್ಲಿ ರಿಂಗು ದಟ್ಟವಾಗಿರಬೇಕು. ದಟ್ಟ ಭಾಗದ ಉದ್ದಕ್ಕೆ ಮೂರು ಅಳತೆಗಳಲ್ಲಿ ದೊಡ್ಡದನ್ನು ಹಿಡಿಯಬೇಕು: ಪಿಲ್ಲರಿನ ಅಗಲ 300, ಎತ್ತರದ ಆರನೆಯ ಒಂದು ಪಾಲು 450, ಇಲ್ಲವೇ 450 ಮಿಲಿಮೀಟರ್. ಇಲ್ಲಿ 450, ಅಂದರೆ 18 ಇಂಚು. ಅಂತರಕ್ಕೆ ಮೂರರಲ್ಲಿ ಚಿಕ್ಕದು: ಅಗಲದ ಕಾಲುಭಾಗ 75, ಉದ್ದ ಕಂಬಿಯ ದಪ್ಪದ ಆರು ಪಟ್ಟು 96, ಇಲ್ಲವೇ 100. ಇಲ್ಲಿ 75, ಆದ್ದರಿಂದ ಎರಡೂ ಮುಕ್ಕಾಲು ಇಂಚು. ನಡುಭಾಗದಲ್ಲಿ ಕಂಬಿಗೆ ಕಂಬಿ ಜೋಡಿಸುವ ಲ್ಯಾಪ್ ಬರುವುದರಿಂದ ಅಲ್ಲಿ 100 ಮೀರದಂತೆ ಮೂರೂ ಮುಕ್ಕಾಲು ಇಂಚು. ನಮ್ಮಲ್ಲಿ ಲ್ಯಾಪನ್ನು ಸ್ಲ್ಯಾಬಿನ ಮೇಲೆಯೇ ಹಾಕುವ ಅಭ್ಯಾಸವಿದೆ, ಅಂದರೆ ಪಿಲ್ಲರ್ ಹೆಚ್ಚು ಬಗ್ಗುವ ಜಾಗದಲ್ಲೇ; ಅದನ್ನು ನಡುವಿಗೆ ಒಯ್ಯಬೇಕು, ಎಲ್ಲ ಕಂಬಿಗಳನ್ನೂ ಒಂದೇ ಮಟ್ಟದಲ್ಲಿ ಜೋಡಿಸಬಾರದು. ಇದೆಲ್ಲ ಮಾಡಿದರೆ, ಆರಿಂಚಿಗೊಂದರಂತೆ 18 ರಿಂಗು ಹೋಗುತ್ತಿದ್ದ ಪಿಲ್ಲರಿಗೆ 32–33 ರಿಂಗು ಬೇಕಾಗುತ್ತವೆ. ಹೆಚ್ಚುವರಿ ಕಂಬಿ ಒಂದು ಪಿಲ್ಲರಿಗೆ 6ರಿಂದ 7 ಕೆಜಿ. ಮನೆ ಕಟ್ಟಿಸುವವರು ಮೊದಲು ಕೇಳುವುದೇ ಇದನ್ನು, ಆದ್ದರಿಂದ ಈ ಲೆಕ್ಕವನ್ನು ಟಿಪ್ಪಣಿಯಲ್ಲಿ ಮರೆಮಾಡದೆ ಬರೆದೆ.

ಗೋಡೆಯಲ್ಲಿ ಮರೆಯಾಗಲೆಂದು ಹಾಕುವ ಒಂಬತ್ತಿಂಚಿನ ಪಿಲ್ಲರಿನ ಬಗ್ಗೆ ಗೌಂಡಿಗಳು ಕೇಳಿದಾಗ ನನಗೆ ಕಷ್ಟವಾಯಿತು. ಸಂಹಿತೆ ಕನಿಷ್ಠ 300 ಮಿಲಿಮೀಟರ್ ಅಗಲ ಕೇಳುತ್ತದೆ. ನಮ್ಮ ಊರಿನ ಮನೆಗಳಲ್ಲಿ ಒಂಬತ್ತಿಂಚೇ ಹೆಚ್ಚು. ಒಳ್ಳೆಯ ಕೊಕ್ಕೆ ಹಾಕಿದ ಮಾತ್ರಕ್ಕೆ ಒಂಬತ್ತಿಂಚಿನ ಪಿಲ್ಲರ್ ನಿಯಮಕ್ಕೆ ಸರಿಹೋಗುವುದಿಲ್ಲ; ಅದು ಗೌಂಡಿ ತೀರ್ಮಾನಿಸುವ ವಿಷಯವೂ ಅಲ್ಲ. ಪಿಲ್ಲರಿನ ಅಳತೆ, ಕಂಬಿಗಳ ಸಂಖ್ಯೆ ಎರಡನ್ನೂ ನಕ್ಷೆ ಮಾಡಿದ ಎಂಜಿನಿಯರೇ ಹೇಳಬೇಕು ಎಂದು ಟಿಪ್ಪಣಿಯ ಮೊದಲ ಪುಟದಲ್ಲೇ ಬರೆದೆ.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಒಳ್ಳೆಯ ಗೌಂಡಿ ಬೀಮಿನಲ್ಲಿ ತನ್ನ ಲೆಕ್ಕಕ್ಕೆ ಒಂದು ಕಂಬಿ ಹೆಚ್ಚೇ ಹಾಕುತ್ತಾನೆ, ಮನೆಯವರಿಗೆ ಒಳಿತಾಗಲೆಂದು. ಟಿಪ್ಪಣಿ ಅದನ್ನು ಬೇಡವೆನ್ನುತ್ತದೆ. ಎಲ್ಲಿಯಾದರೂ ಬಗ್ಗಲೇಬೇಕಾಗಿ ಬಂದರೆ ಬೀಮ್ ಮೊದಲು ಬಗ್ಗಬೇಕು, ಪಿಲ್ಲರ್ ಅಲ್ಲ; ಬೀಮ್ ಬಗ್ಗಿದರೆ ಆ ಒಂದು ಅಂಕಣ ಕೆಡುತ್ತದೆ, ಪಿಲ್ಲರ್ ಹೋದರೆ ಮೇಲಿನ ಮಹಡಿಗಳೆಲ್ಲ ಕೆಳಗೆ ಬರುತ್ತವೆ. ಬೀಮಿಗೆ ಮಾತ್ರ ಬಲ ಕೂಡಿಸುತ್ತ ಹೋದರೆ ಈ ಸರದಿ ತಲೆಕೆಳಗಾಗುತ್ತದೆ. ಕರಡಿನಲ್ಲಿ ನಾನು ‘ಬೀಮ್ ಮೊದಲು ಸೋಲಬೇಕು’ ಎಂದು ಬರೆದಿದ್ದೆ. ಕಾಕಾ ಆ ಸಾಲನ್ನು ಕೇಳಿ ಸುಮ್ಮನಾದರು; ಸ್ವಲ್ಪ ಹೊತ್ತಿನ ಮೇಲೆ, “ಸೋಲೂದಕ್ಕ ಯಾಕ್ರಿ ಕಟ್ಟೂದು?” ಎಂದರು. ಐವತ್ತು ವರ್ಷ ಮನೆ ಕಟ್ಟಿದವರಿಗೆ ಆ ಪದ ನೋಯಿಸಿತ್ತು, ಅದೂ ನ್ಯಾಯವಾಗಿಯೇ, ಏಕೆಂದರೆ ಬಗ್ಗಿಯೂ ಭಾರ ಹೊತ್ತು ನಿಂತ ಬೀಮ್ ಸೋತಿಲ್ಲ. ‘ಪೆಟ್ಟನ್ನು ಬೀಮ್ ಮೊದಲು ತಿನ್ನಬೇಕು, ಪಿಲ್ಲರಿನವರೆಗೆ ಬಿಡಬಾರದು’ ಎಂದು ತಿದ್ದಿ ಓದಿದಾಗ ಅವರು ತಲೆಯಾಡಿಸಿದರು.

ಕೊನೆಗೆ ಉಳಿದದ್ದು ಬೀಮೂ ಪಿಲ್ಲರೂ ಕೂಡುವ ಜಾಗ. ತುದಿಯ ದಟ್ಟ ರಿಂಗುಗಳು ಆ ಕೂಡುವ ಜಾಗದೊಳಗೂ ಮುಂದುವರಿಯಬೇಕು ಎಂಬುದನ್ನು ನಾನು ಒಂದೇ ಸಾಲಿನಲ್ಲಿ ಅನುವಾದಿಸಿ ಮುಂದೆ ಹೋಗಿದ್ದೆ. ಆದರೆ ನಾನು ನೋಡಿದ ಸೈಟುಗಳಲ್ಲಿ ರಿಂಗು ಹೆಚ್ಚಾಗಿ ತಪ್ಪುವುದೇ ಅಲ್ಲಿ, ಏಕೆಂದರೆ ಬೀಮಿನ ಕಂಬಿಗಳೆಲ್ಲ ಕುಳಿತ ಮೇಲೆ ಆ ಸಂದಿಗೆ ಮುಚ್ಚಿದ ರಿಂಗನ್ನು ತೂರಿಸಲು ದಾರಿಯೇ ಇರುವುದಿಲ್ಲ. ಹೇಗೆ ಮಾಡುವುದೆಂದು ಕಾಕಾ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅವರೇ ಮರುವಾರ ಮಾಡಿ ತೋರಿಸಿದರು. ಬೀಮಿನ ಕಂಬಿ ಇಳಿಸುವ ಮೊದಲೇ ಆ ಜಾಗದ ರಿಂಗುಗಳನ್ನು ಪಿಲ್ಲರಿನ ತಲೆಯಿಂದ ಪೋಣಿಸಿ, ಕಟ್ಟದೆ ಕೆಳಗೆ ಒಂದರ ಮೇಲೊಂದು ಕೂಡಿಸಿಟ್ಟರು; ಬೀಮಿನ ಕಂಬಿ ಒಂದೊಂದಾಗಿ ಸೇರಿಸುತ್ತ, ರಿಂಗುಗಳನ್ನು ಒಂದೊಂದಾಗಿ ಮೇಲೆತ್ತಿ ತಂತಿಯಲ್ಲಿ ಬಿಗಿದರು. ಕೊಕ್ಕೆಗಳೆಲ್ಲ ಒಂದೇ ಮೂಲೆಗೆ ಬಾರದಂತೆ ಪ್ರತಿ ರಿಂಗನ್ನೂ ಒಂದೊಂದು ಮೂಲೆ ತಿರುಗಿಸಿದರು. ಅಂತರ ನೋಡಲು 8 ಎಂಎಂ ಕಂಬಿಯ ಒಂದು ಚೂರನ್ನು ಎರಡೂ ಮುಕ್ಕಾಲು ಇಂಚಿಗೆ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಕೊಕ್ಕೆಯ ತುದಿ ಆ ಚೂರಿಗಿಂತ ಗಿಡ್ಡ ಇರಬಾರದು. ಪಿಲ್ಲರಿನ ತುದಿಗಳಲ್ಲಿ ಒಂದು ರಿಂಗಿನ ತಲೆಯಿಂದ ಮುಂದಿನ ರಿಂಗಿನ ತಲೆಗೆ ಆ ಚೂರಿಗಿಂತ ದೂರ ಇರಬಾರದು. ಎರಡಕ್ಕೂ ಒಂದೇ ಅಳತೆ ಬಂದದ್ದು ಈ ಪಿಲ್ಲರಿನ ಲೆಕ್ಕದಲ್ಲಿ ಮಾತ್ರ. ಬೇರೆ ಅಗಲದ ಪಿಲ್ಲರಿಗೆ ಬೇರೆ ಚೂರು ಬೇಕು. ಅದನ್ನೂ, ರಿಂಗು ಪೋಣಿಸುವ ಕ್ರಮವನ್ನೂ ಅವರು ಹೇಳಿದ ಮಾತಿನಲ್ಲೇ ಬರೆದುಕೊಂಡು ಟಿಪ್ಪಣಿಯ ಏಳನೆಯ ಪುಟಕ್ಕೆ ಸೇರಿಸಿದೆ. ಜಾಗ ಸಾಲದೆ ಎಫ್ಇ 500ಡಿ ಕಂಬಿಯ ಸಾಲನ್ನು ಮೊದಲ ಪುಟಕ್ಕೆ ಒಯ್ಯಬೇಕಾಯಿತು.